ಅಳಿಸಿದ ತಾಳಮದ್ದಳೆ ರೀಲ್ ವಾಪಸ್ ಬರುತ್ತದಾ? ಇನ್ನು 4 ದಿನ ಅಂತ ತೋರಿಸ್ತಿದೆ

ಬಾಯಾರು ಹುಡುಗಿ (ಡಿಸೆಂಬರ್ 11, ಸಂಜೆ 7:50)

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಯಕ್ಷಗಾನ ಸಂಘದ ಇನ್‌ಸ್ಟಾಗ್ರಾಮ್ ಪೇಜ್ ನಾನೇ ನೋಡಿಕೊಳ್ಳುವುದು. ನವೆಂಬರ್ 15ಕ್ಕೆ ಹಳೆಯ ಪೋಸ್ಟರ್‌ಗಳನ್ನೆಲ್ಲ ತೆಗೆದು ಚೊಕ್ಕ ಮಾಡಲು ಕೂತಿದ್ದೆ. ಅವುಗಳ ಜೊತೆ ಆಗಸ್ಟ್ ತಿಂಗಳ ಒಂದು ತಾಳಮದ್ದಳೆ ರೀಲ್ ಕೂಡ ಡಿಲೀಟ್ ಆಗಿದೆ. ನಮ್ಮ ಹಿರಿಯ ಭಾಗವತರು ಕೊನೆಯ ಸಲ ಹಾಡಿದ್ದು ಅದರಲ್ಲಿ. ಈಗ ಅವರಿಗೆ ಸ್ವರ ಏಳುವುದಿಲ್ಲ. ಮೂಲ ವಿಡಿಯೋ ಇದ್ದ ಫೋನ್ ಮಳೆಗಾಲದಲ್ಲೇ ನೀರಿಗೆ ಬಿದ್ದು ಹೋಯಿತು.

ರೀಲ್ Recently deleted ಒಳಗೆ ಕಾಣುತ್ತದೆ, ಅದರ ಮೇಲೆ 4 ದಿನ ಅಂತ ಇದೆ. Restore ಒತ್ತಿದರೆ ಕೋಡ್ ಕೇಳುತ್ತದೆ. ಆ ಕೋಡ್ ನನಗೆ ಬರುತ್ತಿಲ್ಲ.

ಇನ್ನೂ ಎರಡು ಇವೆ. ನಿನ್ನೆ ಸಂಜೆ 5ಕ್ಕೆ ಹಾಕಿದ ಚೆಂಡೆಯ ಸ್ಟೋರಿಯನ್ನು ರಾತ್ರಿ 9ಕ್ಕೆ ಅಳಿಸಿದ್ದೆ, ಈಗ ಅದು ಬೇಕು. ಮತ್ತೆ, ಅರ್ಥಧಾರಿ ಒಬ್ಬರ ಜೊತೆಗಿನ ಚಾಟ್ ಡಿಲೀಟ್ ಮಾಡಿದ್ದೇನೆ. ಅವರು ಬರುವ ದಿನ, ಸಮಯ ಎಲ್ಲ ಅದರಲ್ಲೇ ಇತ್ತು.

ಪೆರ್ಲ ಚೆಂಡೆ

ಗಡಿಬಿಡಿ ಬೇಡ ತಂಗಿ, 60 ದಿನ ಸಮಯ ಇರುತ್ತದೆ. ನಾನು ದೇವಸ್ಥಾನದ ಜಾತ್ರೆಯ ಫೋಟೋ ಒಂದೂವರೆ ತಿಂಗಳಾದ ಮೇಲೆ ವಾಪಸ್ ತಂದಿದ್ದೆ.

ಉಪ್ಪಳ ಮೊಬೈಲ್

ಅಣ್ಣಾ, ನೀವು ಹೇಳುವುದು ಗೂಗಲ್ ಫೋಟೋಸ್‌ನ ಬಿನ್. ಬ್ಯಾಕಪ್ ಆದ ಫೋಟೋ ಅಲ್ಲಿ 60 ದಿನ ಇರುತ್ತದೆ. ಇನ್‌ಸ್ಟಾಗ್ರಾಮ್‌ನಲ್ಲಿ ಪೋಸ್ಟ್, ರೀಲ್ ಎರಡಕ್ಕೂ 30 ದಿನ ಅಷ್ಟೇ. ನವೆಂಬರ್ 15ರಿಂದ ಎಣಿಸಿದರೆ ಡಿಸೆಂಬರ್ 15. ತಂಗಿಗೆ ಕಾಣುವ 4 ದಿನ ಸರಿಯೇ ಇದೆ. ಆದರೆ 15ರವರೆಗೆ ಕಾಯಬೇಡಿ, ಇವತ್ತೇ ಮುಗಿಸಿ.

ಮೊದಲು ಸ್ಟೋರಿ ನೋಡಿ, ಅದಕ್ಕೆ ಸಮಯ ಕಮ್ಮಿ. ಪ್ರೊಫೈಲ್‌ಗೆ ಹೋಗಿ, ಮೇಲಿನ ಮೂರು ಗೆರೆ ಒತ್ತಿ, Your activity ಒಳಗೆ Recently deleted ತೆಗೆಯಿರಿ. ಅಲ್ಲಿ ಸ್ಟೋರಿಗಳ ಗುರುತು ಬೇರೆ ಇರುತ್ತದೆ. ಪೇಜ್‌ನಲ್ಲಿ ಸ್ಟೋರಿ ಆರ್ಕೈವ್ ಆನ್ ಇತ್ತಾ? ಆರ್ಕೈವ್‌ನಲ್ಲಿ ಇಲ್ಲದ ಸ್ಟೋರಿ ಆ ಫೋಲ್ಡರಲ್ಲಿ ಹೆಚ್ಚೆಂದರೆ 24 ಗಂಟೆ ಉಳಿಯುತ್ತದೆ, ಮಿಕ್ಕಿದ್ದಕ್ಕೆ ಮಾತ್ರ 30 ದಿನ.

ಕೋಡ್ ವಿಷಯ: ಪೇಜ್ ಮೊದಲು ಮಾಡಿದ್ದು ಯಾರು? ಕೋಡ್ ಹೋಗುವುದು ಆ ಖಾತೆಗೆ ಕೊಟ್ಟ ಫೋನ್ ನಂಬರ್‌ಗೆ, ಇಲ್ಲಾಂದ್ರೆ ಇಮೇಲ್‌ಗೆ. ನೀವು ಪಾಸ್‌ವರ್ಡ್ ಹಾಕಿ ಒಳಗೆ ಬಂದಿದ್ದೀರಿ ಅಂತ ಕೋಡ್ ನಿಮ್ಮ ಫೋನಿಗೆ ಬರುವುದಿಲ್ಲ.

ಮುಳ್ಳೇರಿಯ ಮಾಷ್ಟ್ರು

ನನ್ನ ಐಫೋನ್‌ನಲ್ಲಿ ಅಳಿಸಿದ ಮೆಸೇಜ್ ತಿಂಗಳವರೆಗೆ ಸಿಗುತ್ತದಲ್ಲ? ಮೆಸೇಜ್ ಆ್ಯಪ್‌ನಲ್ಲಿಯೂ Recently Deleted ಅಂತ ಇದೆ. ಮೊನ್ನೆ ಬ್ಯಾಂಕಿನದೊಂದು ಮೆಸೇಜ್ ಅದರಿಂದಲೇ ತೆಗೆದೆ. ಚಾಟನ್ನೂ ಹಾಗೆಯೇ ತೆಗೆಯಬಹುದು.

ಉಪ್ಪಳ ಮೊಬೈಲ್

ಮಾಷ್ಟ್ರೇ, ಅದು ಐಫೋನ್‌ನ ಸ್ವಂತ ಮೆಸೇಜ್ ಆ್ಯಪ್. ಐಒಎಸ್ 16ರಿಂದ ಬಂದದ್ದು. ಹೆಸರು ಒಂದೇ ಇರುವುದರಿಂದ ಎಲ್ಲರಿಗೂ ಗೊಂದಲ ಆಗುತ್ತದೆ. ಎಸ್‌ಎಂಎಸ್‌ಗೆ ಅದು ಸರಿ. ಇನ್‌ಸ್ಟಾಗ್ರಾಮ್ ಚಾಟ್ ಅದರೊಳಗೆ ಬರುವುದೇ ಇಲ್ಲ.

ತಂಗಿ, ಚಾಟ್ ಪೂರ್ತಿ ಡಿಲೀಟ್ ಮಾಡಿದರೆ ಹೋಗುವುದು ನಿಮ್ಮ ಕಡೆಯಿಂದ ಮಾತ್ರ. ಅರ್ಥಧಾರಿಗಳ ಫೋನ್‌ನಲ್ಲಿ ಹಾಗೆಯೇ ಇರುತ್ತದೆ. ಅವರಿಗೆ ಒಂದು ಮಾತು ಹೇಳಿ, ಸ್ಕ್ರೀನ್‌ಶಾಟ್ ಕಳಿಸುತ್ತಾರೆ. Unsend ಮಾಡಿದ್ದರೆ ಮಾತ್ರ ಎರಡೂ ಕಡೆಯಿಂದ ಹೋಗಿರುತ್ತದೆ.

ಬಾಯಾರು ಹುಡುಗಿ (ರಾತ್ರಿ 8:40)

ಸ್ಟೋರಿ ನೋಡಿದೆ ಅಣ್ಣಾ, ಇಲ್ಲ. ಆರ್ಕೈವ್ ಆಫ್ ಇತ್ತು. ಆದರೆ ಅಳಿಸಿ ಇನ್ನೂ 24 ಗಂಟೆ ಆಗಿಲ್ಲ ಅಲ್ವಾ, 20 ನಿಮಿಷ ಬಾಕಿ ಇದೆ!

ಪೇಜ್ ಮಾಡಿದ್ದು ಹಿಂದಿನ ಕಾರ್ಯದರ್ಶಿ ಅಣ್ಣ. ಅವರು ಈಗ ದುಬೈಯಲ್ಲಿ ಇದ್ದಾರೆ. ಊರಿನ ಸಿಮ್‌ಗೆ ರೀಚಾರ್ಜ್ ಮಾಡಿಲ್ಲವಂತೆ. ಹೊಸ ಖಾತೆ ಮಾಡಿ ಅದರಿಂದ ಈ ರೀಲ್ ತೆಗೆಯಲು ಆಗುತ್ತದಾ?

ಪೆರ್ಲ ಚೆಂಡೆ

ಪಾಸ್‌ವರ್ಡ್ ಇರುವಾಗ ಈ ಕೋಡ್ ಯಾಕೆ ಬೇಕು? ಸುಮ್ನೆ ತೊಂದರೆ ಕೊಡುವುದು.

ಉಪ್ಪಳ ಮೊಬೈಲ್

ಸುಮ್ನೆ ಅಲ್ಲ ಅಣ್ಣಾ. ಈ ಫೋಲ್ಡರ್ ಬಂದದ್ದೇ 2021ರಲ್ಲಿ, ಖಾತೆ ಕದ್ದವರು ಪೋಸ್ಟ್‌ಗಳನ್ನೆಲ್ಲ ಅಳಿಸಿ ಹೋಗುತ್ತಿದ್ದರು ಅಂತ. ಪಾಸ್‌ವರ್ಡ್ ಕಳ್ಳನ ಕೈಯಲ್ಲೂ ಇರಬಹುದು. ಫೋಲ್ಡರಿಂದಲೂ ಅವನು ಖಾಯಂ ಆಗಿ ಅಳಿಸಬಾರದು ಅಂತ ಕೋಡ್ ಕೇಳುವುದು. ನಮ್ಮದೇ ಪೇಜಲ್ಲಿ ನಾವೇ ಸಿಕ್ಕಿಕೊಳ್ಳುವುದು ಇಂಥ ಹಳೆಯ ನಂಬರ್‌ನಿಂದ.

ಹೊಸ ಖಾತೆಯಿಂದ ಆಗುವುದಿಲ್ಲ. ಅಳಿಸಿದ ಖಾತೆಯ ಒಳಗೇ ಇರಬೇಕು. ಕಾರ್ಯದರ್ಶಿ ಅಣ್ಣನಿಗೆ ಈಗಲೇ ವಾಟ್ಸ್ಯಾಪ್ ಕಾಲ್ ಮಾಡಿ. ಖಾತೆಗೆ ಕೊಟ್ಟ ಇಮೇಲ್ ಅವರ ಫೋನ್‌ನಲ್ಲಿ ತೆರೆದಿದೆಯಾ ಕೇಳಿ. ಇದ್ದರೆ ಕೋಡ್ ಕಳಿಸುವ ಜಾಗದಲ್ಲಿ ಇಮೇಲ್ ಆರಿಸಿ. ಅವರು ಕಾಲ್‌ನಲ್ಲಿ ಇರುವಾಗಲೇ ಕೋಡ್ ತರಿಸಿ, ಅವರು ಓದಿ ಹೇಳಲಿ. ಒಂದೇ ಒಂದು ಸಲ ಒತ್ತಿ. ಮತ್ತೆ ಮತ್ತೆ ಒತ್ತಿದರೆ ಹಳೆಯ ಕೋಡ್ ನಡೆಯುವುದಿಲ್ಲ, ಸ್ವಲ್ಪ ಹೊತ್ತು ಕಾಯಿರಿ ಅಂತ ತಡೆಯುತ್ತದೆ. ಮೊದಲು ನಿಮ್ಮ ಕೈಯಲ್ಲಿ ಆದದ್ದು ಅದೇ ಇರಬೇಕು.

ಸ್ಪ್ಯಾಮ್‌ನಲ್ಲೂ ನೋಡಲು ಹೇಳಿ. ಮತ್ತೆ ಯಾರಾದರೂ, ನಾನು ತೆಗೆದುಕೊಡುತ್ತೇನೆ ಕೋಡ್ ಹೇಳಿ ಅಂತ ಇಲ್ಲಿ ಮೆಸೇಜ್ ಮಾಡಿದರೆ ಕೊಡಬೇಡಿ.

ಬಾಯಾರು ಹುಡುಗಿ (ರಾತ್ರಿ 11:15)

ಬಂತು!! ಅಣ್ಣ ಕೆಲಸದಲ್ಲಿ ಇದ್ದರು, ಊಟದ ಬಿಡುವಿನಲ್ಲಿ ಕಾಲ್ ಮಾಡಿದರು. ಇಮೇಲ್ ಸ್ಪ್ಯಾಮ್‌ನಲ್ಲಿ ಬಿದ್ದಿತ್ತು. ಮೊದಲು ಓದಿ ಹೇಳಿದ್ದು ಮಧ್ಯಾಹ್ನದ ಹಳೆಯ ಕೋಡ್, ಅದು ಆಗಲಿಲ್ಲ. ಮೇಲೆ ಇದ್ದದ್ದನ್ನು ಹೇಳಿದ ಕೂಡಲೇ ರೀಲ್ ಬಂತು. ಪೇಜ್‌ನ ಮೇಲೆ ಹೊಸದಾಗಿ ಬಂದು ಕೂರಲಿಲ್ಲ, ಆಗಸ್ಟ್‌ನ ಜಾಗದಲ್ಲೇ ಇದೆ. ಜನ ಬರೆದ ಕಾಮೆಂಟ್‌ಗಳೂ ಹಾಗೇ ಇವೆ. ಕಣ್ಣು ತುಂಬಿ ಬಂತು. ತಕ್ಷಣ ಡೌನ್‌ಲೋಡ್ ಮಾಡಿ ಭಾಗವತರ ಮಗನಿಗೂ ಕಳಿಸಿದೆ.

ಅರ್ಥಧಾರಿಗಳು ಚಾಟ್‌ನ ಸ್ಕ್ರೀನ್‌ಶಾಟ್ ಕಳಿಸಿದರು. ಸ್ಟೋರಿ ಸಿಗಲೇ ಇಲ್ಲ.

ಮುಳ್ಳೇರಿಯ ಮಾಷ್ಟ್ರು

ಒಳ್ಳೆಯದಾಯಿತು ಮಗಳೇ. ಆ ರೀಲ್ ನಮಗೂ ಕಳಿಸು. ಆದರೆ ಸ್ಟೋರಿಯ ಲೆಕ್ಕ ನನಗೆ ಅರ್ಥ ಆಗಲಿಲ್ಲ. ರಾತ್ರಿ 9ಕ್ಕೆ ಅಳಿಸಿದ್ದು ಮರುದಿನ 8:40ಕ್ಕೆ ಇಲ್ಲ ಅಂದರೆ, 24 ಗಂಟೆ ಅಳಿಸಿದಲ್ಲಿಂದ ಅಲ್ಲ, ಹಾಕಿದ ಹೊತ್ತಿನಿಂದಲಾ?

ಉಪ್ಪಳ ಮೊಬೈಲ್

ಇವರದ್ದು ನೋಡಿದರೆ ಹಾಗೆ ಕಾಣುತ್ತದೆ, ಹಾಕಿದ್ದು ಸಂಜೆ 5ಕ್ಕೆ ತಾನೇ. ‘24 ಗಂಟೆಯವರೆಗೆ’ ಅಂತ ಮಾತ್ರ ಅವರು ಬರೆದಿರುವುದು. ಅದಕ್ಕೇ ನಾನು ಅಂಗಡಿಗೆ ಬಂದವರಿಗೆ ಹಾಕಿದ ಹೊತ್ತಿನಿಂದಲೇ ಎಣಿಸಿ ಅನ್ನುವುದು. ಆಗ ತಪ್ಪಿದರೂ ಬೇಗ ತಪ್ಪುತ್ತದೆ.

ಪೆರ್ಲ ಚೆಂಡೆ

ನನ್ನ ಹೆಂಡತಿ ಬೆಳಿಗ್ಗೆ ಹಾಕಿ ಮಧ್ಯಾಹ್ನ ಅಳಿಸಿದ ಸ್ಟೋರಿ ರಾತ್ರಿ ಸಿಕ್ಕಿತ್ತು. ಅದರಿಂದ ಏನೂ ಗೊತ್ತಾಗುವುದಿಲ್ಲ ಬಿಡಿ, ಎರಡು ಲೆಕ್ಕಕ್ಕೂ ಸರಿ ಹೊಂದುತ್ತದೆ. ತಂಗಿ, ಆ ಚೆಂಡೆಯ ಸ್ಟೋರಿ ಫೋನ್‌ನಲ್ಲಿ ತೆಗೆದದ್ದಾ? ಗೂಗಲ್ ಫೋಟೋಸ್ ಬ್ಯಾಕಪ್ ಇದ್ದರೆ ಅದರ ಬಿನ್ ಒಮ್ಮೆ ನೋಡು.

ಬಾಯಾರು ಹುಡುಗಿ

ಆ್ಯಪ್‌ನ ಕ್ಯಾಮೆರಾದಲ್ಲೇ ತೆಗೆದದ್ದು ಅಣ್ಣಾ, ಗ್ಯಾಲರಿಯಲ್ಲಿ ಇಲ್ಲ. ಸ್ಟೋರಿ ಆರ್ಕೈವ್ ಈಗ ಆನ್ ಮಾಡಿದ್ದೇನೆ. ನಾಳೆ ದುಬೈ ಅಣ್ಣನ ಬಿಡುವು ನೋಡಿ ಖಾತೆಯ ನಂಬರ್ ಬದಲಿಸಬೇಕು.