ಪದಚರ್ಚೆ: ‘ಹಳ್ಳಿಕಾರ್ ಪ್ರಭೇದ’ ಎನ್ನಬಹುದೇ?

ಪ್ರಶ್ನೆ: ಜಾತ್ರೆಯ ಸ್ಮರಣ ಸಂಚಿಕೆಯೊಂದರ ಕರಡು ತಿದ್ದುತ್ತಿದ್ದೇನೆ. ಬೂದು ಬಣ್ಣದ, ಉದ್ದ ಕೊಂಬಿನ ಎತ್ತೊಂದರ ಚಿತ್ರದ ಕೆಳಗೆ ‘ಹಳ್ಳಿಕಾರ್ ಪ್ರಭೇದದ ಎತ್ತು’ ಎಂದಿದೆ. ಪ್ರಭೇದ, ಉಪಪ್ರಭೇದ, ತಳಿ, ಇವುಗಳಲ್ಲಿ ಇಲ್ಲಿಗೆ ಯಾವುದು ಸರಿ? ಚಿತ್ರವನ್ನು ಬಿಟ್ಟರೆ ನನ್ನ ಬಳಿ ಬೇರೆ ಮಾಹಿತಿಯಿಲ್ಲ.

ನಿವೃತ್ತ ಶಿಕ್ಷಕರೊಬ್ಬರು: ಪ್ರಭೇದ ತಪ್ಪು, ತಳಿ ಸರಿ. ಕೊಂಬುಗಳು ನೆತ್ತಿಯಲ್ಲಿ ಒತ್ತಾಗಿ ಹುಟ್ಟಿ ಹಿಂದಕ್ಕೆ ಬಾಗಿದ್ದರೆ ಅದು ಹಳ್ಳಿಕಾರ್ ಎಂದು ನಿಶ್ಚಿಂತೆಯಿಂದ ಬರೆಯಿರಿ.

ರಾಗಿ ಬೆಳೆಗಾರರೊಬ್ಬರು: ನಾವು ಜಿಪಿಯು 28ನ್ನೂ ತಳಿ ಎಂದೇ ಕರೆಯುತ್ತೇವೆ. ಹಾಗಾದರೆ ರಾಗಿಗೂ ಎತ್ತಿಗೂ ಒಂದೇ ಲೆಕ್ಕವೇ? ತೆನೆಯ ಫೋಟೊ ಕಳಿಸಿದರೆ ಯಾವ ರಾಗಿ ಎಂದು ಹೇಳುವಿರಾ?

ಪಶುವೈದ್ಯರೊಬ್ಬರು: ಮೇಷ್ಟ್ರು ಹೇಳಿದ್ದರಲ್ಲಿ ಅರ್ಧವನ್ನು ಒಪ್ಪುತ್ತೇನೆ. ತಳಿ ಎಂಬುದು ಜನರು ತಲೆಮಾರುಗಳ ಕಾಲ ಆಯ್ದು ಬೆಳೆಸಿದ ಗುಂಪಾದ್ದರಿಂದ, ಪ್ರಾಣಿಗಳ ವೈಜ್ಞಾನಿಕ ಹೆಸರಿನ ಏಣಿಯಲ್ಲಿ ಅದಕ್ಕೆ ಮೆಟ್ಟಿಲೇ ಇಲ್ಲ. ಆ ಏಣಿ ಉಪಪ್ರಭೇದಕ್ಕೆ ನಿಲ್ಲುತ್ತದೆ. ಆದರೆ ನಿಶ್ಚಿಂತೆಯ ಮಾತನ್ನು ಒಪ್ಪಲಾರೆ. ಅಮೃತಮಹಲ್ ತಳಿ ರೂಪುಗೊಂಡಿದ್ದೇ ಬಹುಮಟ್ಟಿಗೆ ಹಳ್ಳಿಕಾರ್ ದನಗಳಿಂದ. ಅದರ ಕೊಂಬೂ ಹಾಗೆಯೇ ಹುಟ್ಟಿ ಹಾಗೆಯೇ ಹಿಂದಕ್ಕೆ ಸಾಗುತ್ತದೆ, ಬಣ್ಣವೂ ಬೂದೇ. ಎರಡರ ಬೆರಕೆಯಾದರಂತೂ ಒಂದು ಬದಿಯಿಂದ ತೆಗೆದ ಚಿತ್ರದಲ್ಲಿ ಬೇರ್ಪಡಿಸುವುದು ಅಸಾಧ್ಯ. ಮಲೆನಾಡು ಗಿಡ್ಡದ ಮುಖ್ಯ ಗುರುತಾದ ಗಿಡ್ಡತನ ಕೂಡ, ಪಕ್ಕದಲ್ಲಿ ಮನುಷ್ಯನೋ ಬಾಗಿಲೋ ಇಲ್ಲದಿದ್ದರೆ, ಚಿತ್ರದಲ್ಲಿ ಸಿಕ್ಕುವುದಿಲ್ಲ.

ಹೆಗಲ ಮೇಲಿನ ಡುಬ್ಬವೂ ಇಳಿಬಿದ್ದ ಗಂಗೆದೊಗಲೂ ಸ್ಪಷ್ಟವಾಗಿದ್ದರೆ ಅದು ಡುಬ್ಬದ ನಾಡದನವೆಂಬಷ್ಟನ್ನು ಧೈರ್ಯವಾಗಿ ಹೇಳಬಹುದು. ಈ ಗುಂಪನ್ನೇ ಕೆಲವರು ಬಾಸ್ ಇಂಡಿಕಸ್ ಎಂಬ ಪ್ರಭೇದವೆಂದೂ ಮತ್ತೆ ಕೆಲವರು ಬಾಸ್ ಟಾರಸ್‌ನ ಉಪಪ್ರಭೇದವೆಂದೂ ಎಣಿಸುತ್ತಾರೆ. ಅದು ವಿದ್ವಾಂಸರಲ್ಲೇ ಇತ್ಯರ್ಥವಾಗಿಲ್ಲ, ಚಿತ್ರ ನೋಡಿ ತೀರ್ಮಾನಿಸುವ ವಿಷಯವೂ ಅಲ್ಲ. ಕಾಡಿನಲ್ಲಿ ಬೇರೆ ಬಗೆಯ ಮಿತಿಯಿದೆ: ಬಿಳಿ ಕಾಲುಚೀಲ ತೊಟ್ಟಂತಿರುವ ಕಾಟಿಯ ಪ್ರಭೇದವನ್ನು ಒಂದೇ ಚಿತ್ರ ಹೇಳಬಲ್ಲದು, ಅದರ ಉಪಪ್ರಭೇದವನ್ನು ಮಾತ್ರ ನಾವು ‘ಬಂಡೀಪುರದ್ದು’ ಎಂಬ ಸ್ಥಳದ ಮಾಹಿತಿಯಿಂದ ಊಹಿಸುತ್ತೇವೆ.

ರಾಗಿಯ ಮಾತು ಬೇರೆ. ಸಸ್ಯಗಳ ಏಣಿಯಲ್ಲಿ ಉಪಪ್ರಭೇದದ ಕೆಳಗೂ ಮೆಟ್ಟಿಲುಗಳಿವೆ, ಆದರೆ ಜಿಪಿಯು 28 ಅಲ್ಲಿ ಕೂರುವುದಿಲ್ಲ. ಅದು ಮನುಷ್ಯರು ಅಭಿವೃದ್ಧಿಪಡಿಸಿ ಬಿಡುಗಡೆ ಮಾಡಿದ ಬೇಸಾಯದ ತಳಿ. ತೆನೆಯ ಚಿತ್ರ ಕಳಿಸಿದರೆ ರಾಗಿ ಎನ್ನಬಲ್ಲೆ, ತಳಿಗೆ ಬಿತ್ತನೆಬೀಜದ ಚೀಲದ ಮೇಲಿನ ಚೀಟಿಯೇ ಬೇಕು.

ಪ್ರಶ್ನೆ ಕೇಳಿದವರು: ಹಾಗಾದರೆ ‘ಹಳ್ಳಿಕಾರ್ ಲಕ್ಷಣದ ಎತ್ತು’ ಎಂದು ಬರೆದರೆ?

ಪಶುವೈದ್ಯರು: ಆಗಬಹುದು. ಸಾಕಿದವರು ಸಿಕ್ಕಿ, ಅದರ ತಾಯಿ ಯಾವುದು, ಯಾವ ಹೋರಿಗೆ ಹುಟ್ಟಿದ್ದು ಎಂದು ತಿಳಿಸಿದರೆ ‘ತಳಿ’ ಎಂದು ತಿದ್ದಿಕೊಳ್ಳಿ.

ಬೆಳೆಗಾರರು: ದನಕ್ಕೂ ಬೆಳೆಗೂ ಒಂದೇ ‘ತಳಿ’ ಸಾಕೇ ಎಂಬುದಕ್ಕೆ ಇನ್ನೂ ಉತ್ತರ ಬರಲಿಲ್ಲ.