ಸೂಚ್ಯಂಕಕ್ಕಿಂತ ಫ್ಯೂಚರ್ಸ್ ಅಗ್ಗ: ನನ್ನ ಲೆಕ್ಕ ಎಲ್ಲಿ ತಪ್ಪುತ್ತಿದೆ?

ಲೆಕ್ಕದಹಾಳೆ: ಸೂಚ್ಯಂಕ 10,000ದಲ್ಲಿದೆ, ಬಡ್ಡಿ ವರ್ಷಕ್ಕೆ 6%, ಎಕ್ಸ್‌ಪೈರಿಗೆ 60 ದಿನ ಬಾಕಿ. ನನ್ನ ಲೆಕ್ಕದಲ್ಲಿ ಫ್ಯೂಚರ್ಸ್ 10,099 ಇರಬೇಕು, ಆದರೆ ವಹಿವಾಟು 9,975ರಲ್ಲಿ ನಡೆಯುತ್ತಿದೆ. 124 ಅಂಶಗಳ ಈ ಅಂತರವನ್ನು ಆರ್ಬಿಟ್ರೇಜ್ ಮಾಡುವವರು ಏಕೆ ಬಿಟ್ಟಿದ್ದಾರೆ?

ಮುಂಗಾರು: ಪೇಟೆ ಕುಸಿಯುತ್ತದೆ ಎಂದು ಎಲ್ಲರೂ ಭಾವಿಸಿದ್ದಾರೆ. ಡಿಸ್ಕೌಂಟ್ ಎಂದರೆ ಅದೇ.

ಹಳೆಯ ಡೀಲರ್: ಕುಸಿಯುವ ಭಯವಿದ್ದರೆ ಷೇರುಗಳೂ ಇಳಿಯುತ್ತವೆ, ಹಾಗಾಗಿ ಅಂತರಕ್ಕೆ ಅದೊಂದೇ ಕಾರಣವಾಗಲಾರದು. ಮಾರಾಟದ ಒತ್ತಡ ಫ್ಯೂಚರ್ಸ್ ಮೇಲೆ ಮೊದಲು ಬೀಳುತ್ತದೆ ಎಂಬಷ್ಟು ಮಾತ್ರ ನಿಜ. ಲೆಕ್ಕದಹಾಳೆಯವರೇ, ಈ 60 ದಿನಗಳಲ್ಲಿ ಎಷ್ಟು ಲಾಭಾಂಶದ ಎಕ್ಸ್-ಡೇಟ್ ಬರುತ್ತದೆ?

ಲೆಕ್ಕದಹಾಳೆ: ಲಾಭಾಂಶವನ್ನು ಸೇರಿಸಿಯೇ ಇರಲಿಲ್ಲ. ಕಂಪನಿಗಳ ತೂಕದ ಪ್ರಕಾರ ಕೂಡಿಸಿದರೆ ಸುಮಾರು 110 ಅಂಶ.

ಹಳೆಯ ಡೀಲರ್: ಷೇರು ಇಟ್ಟುಕೊಂಡವರಿಗೆ ಲಾಭಾಂಶ ಸಿಗುತ್ತದೆ, ಫ್ಯೂಚರ್ಸ್ ಕೊಂಡವರಿಗೆ ಸಿಗುವುದಿಲ್ಲ. ಆದ್ದರಿಂದ ಅದನ್ನು ಕಳೆಯಬೇಕು:

```
F = S * (1 + r * t / 365) - D
F = 10000 + 98.6 - 110 = 9988.6
```

ಉಳಿದ ಅಂತರ ಸುಮಾರು 14. ಅದನ್ನು ಹಿಡಿಯಲು ಫ್ಯೂಚರ್ಸ್ ಕೊಂಡು, ಷೇರುಗಳ ಇಡೀ ಬುಟ್ಟಿಯನ್ನು ಮಾರಬೇಕು. ಕೈಯಲ್ಲಿ ಷೇರು ಇಲ್ಲದವರು ಎರವಲು ತರಬೇಕು. ಅದಕ್ಕೆ ವರ್ಷಕ್ಕೆ 1% ಶುಲ್ಕವಾದರೂ 60 ದಿನಕ್ಕೆ 16 ಅಂಶ ಹೋಗುತ್ತದೆ, ಲಾಭ ಅಲ್ಲಿಗೇ ಮುಗಿಯಿತು. ಆದರೆ ಸೂಚ್ಯಂಕದ ಷೇರುಗಳನ್ನೇ ಹೊಂದಿರುವ ನಿಧಿಗೆ ಈ ಶುಲ್ಕವಿಲ್ಲ. ಅದು ಷೇರು ಮಾರಿ, ಹಣವನ್ನು ಬಡ್ಡಿಗೆ ಹಾಕಿ, ಫ್ಯೂಚರ್ಸ್ ಕೊಳ್ಳುತ್ತದೆ. ವಹಿವಾಟಿನ ಖರ್ಚು 8 ಅಂಶ ಎಂದಿಟ್ಟುಕೊಂಡರೂ 6 ಉಳಿಯುತ್ತದೆ. ಕೆಳಗಿನ ಬದಿಯಲ್ಲಿ ಬೆಲೆಯನ್ನು ಮೊದಲು ಎತ್ತಿ ಹಿಡಿಯುವವರು ಇವರೇ. ಮೇಲಿನ ಬದಿ ಸುಲಭ: ಫ್ಯೂಚರ್ಸ್ 10,030ಕ್ಕೆ ಏರಿದರೆ, ಸಾಲದ ಹಣವಿರುವ ಯಾರಾದರೂ ಷೇರು ಕೊಂಡು ಫ್ಯೂಚರ್ಸ್ ಮಾರಬಹುದು.

ಎಣ್ಣೆಗಾಣ: ಕಚ್ಚಾ ತೈಲದಲ್ಲಿ ನನಗೂ ಹೀಗೇ ಆಯಿತು. ದೂರದ ತಿಂಗಳು ಅಗ್ಗವಿತ್ತು, ರೋಲ್‌ಓವರ್‌ನಲ್ಲಿ ನನಗೆ ಲಾಭವೇ ಬಂತು. ಇಲ್ಲಿಯೂ ದಾಸ್ತಾನಿನ ಕೊರತೆ ಇರಬಹುದೇ?

ಹಳೆಯ ಡೀಲರ್: ಅದು ಬೇರೆ ವಿಷಯ. ತೈಲವನ್ನು ಸಂಗ್ರಹಿಸಿಡಬೇಕು, ಈಗಲೇ ಕೈಯಲ್ಲಿದ್ದರೆ ಅದಕ್ಕೆ ಬೆಲೆ ಹೆಚ್ಚು. ಸೂಚ್ಯಂಕಕ್ಕೆ ಗೋದಾಮು ಬೇಡ.

ಗಡಿಯಾರ: ಎರಡೂ ಬೆಲೆಗಳನ್ನು ಒಂದೇ ಕ್ಷಣದಲ್ಲಿ ತೆಗೆದುಕೊಂಡಿದ್ದೀರಾ? ಷೇರುಪೇಟೆ ಮುಚ್ಚಿದ ಮೇಲೂ ಫ್ಯೂಚರ್ಸ್ ನಡೆಯುವ ಕಡೆ, ಮುಕ್ತಾಯದ ಬೆಲೆಗಳನ್ನು ಹೋಲಿಸಿದರೆ ಇಲ್ಲದ ಅಂತರ ಕಾಣುತ್ತದೆ.

ಲೆಕ್ಕದಹಾಳೆ: ಎರಡೂ ಒಂದೇ ನಿಮಿಷದವು. ಇನ್ನೊಂದು ಅನುಮಾನ: ಸೂಚ್ಯಂಕದಲ್ಲಿ ಹೆಚ್ಚು ತೂಕವಿರುವ ಒಂದು ಕಂಪನಿ ಇನ್ನೂ ಲಾಭಾಂಶ ಘೋಷಿಸಿಲ್ಲ. ನಾನು ಕಳೆದ ವರ್ಷದ ಮೊತ್ತವನ್ನೇ ಹಾಕಿದ್ದೇನೆ.

ಹಳೆಯ ಡೀಲರ್: ಹಾಗಾದರೆ ಆ 6 ಅಂಶವೂ ಖಚಿತವಲ್ಲ. ಲಾಭಾಂಶ ಒಟ್ಟು 124 ಬರುತ್ತದೆ ಎಂದು ಪೇಟೆ ಎಣಿಸಿದ್ದರೆ 9,975 ಸರಿಯಾದ ಬೆಲೆಯೇ. ಎಕ್ಸ್-ಡೇಟ್ ಎಕ್ಸ್‌ಪೈರಿಯ ನಂತರಕ್ಕೆ ಜಾರಿದರೆ, ಉಲ್ಟಾ, ಫ್ಯೂಚರ್ಸ್ ತೀರಾ ಅಗ್ಗ. ಆ ಕಂಪನಿ ಕಳೆದ ವರ್ಷಗಳಲ್ಲಿ ಯಾವ ವಾರದಲ್ಲಿ ಕೊಟ್ಟಿತ್ತು ಎಂದು ನೋಡಿ ಹೇಳುತ್ತೀರಾ?