ಲೆಕ್ಚರರ್ ರೆಸ್ಯೂಮೆ ಟ್ರೈನರ್ ಕೆಲಸಕ್ಕೆ ಹೊಂದಬೇಕಾದರೆ: ಅನುಭವ ಇದ್ದವರು ಹೇಳಿ

ಕೇಳಿದವರು (ಬದಿಯಡ್ಕ): ಕಾಸರಗೋಡಿನ ಕಾಲೇಜೊಂದರಲ್ಲಿ ಒಂಬತ್ತು ವರ್ಷದಿಂದ ಕಾಮರ್ಸ್ ಲೆಕ್ಚರರ್. ಮಂಗಳೂರು, ಬೆಂಗಳೂರಿನ ಕಂಪನಿಗಳಲ್ಲಿ ಟ್ರೈನರ್ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೇನೆ, ಯಾರೂ ಕರೆಯುತ್ತಿಲ್ಲ. ರೆಸ್ಯೂಮೆಯಲ್ಲಿ ಕಲಿಸಿದ ಪೇಪರ್‌ಗಳು, ಸೆಮಿನಾರ್‌ಗಳು, ವಾರಕ್ಕೆ 16 ಗಂಟೆ ಪಾಠ ಎಂದೆಲ್ಲ ಇದೆ. ಬೇರೆ ಏನು ಬರೆಯಬೇಕು? ಕೊನೆಯ ವರ್ಷದ ಬಿಕಾಂನವರಿಗೆ ಎಕ್ಸೆಲ್ ಕೋರ್ಸ್ ಒಂದನ್ನೂ ನಡೆಸಿದ್ದೇನೆ.

ಉಪ್ಪಳದಿಂದ ಒಬ್ಬರು: ಟೀಚರೇ, ಮೊದಲು ಸೆಮಿನಾರ್ ಪಟ್ಟಿ, ಪೇಪರ್ ಪಟ್ಟಿ ಎಲ್ಲ ತೆಗೆದುಬಿಡಿ. ಒಂದೇ ಪುಟ ಸಾಕು. ‘ವಿದ್ಯಾರ್ಥಿ’ ಇದ್ದಲ್ಲೆಲ್ಲ ‘ಲರ್ನರ್’ ಹಾಕಿ. ನಾನು ಹಾಗೆ ಮಾಡಿದ ಮೇಲೆ ಎರಡು ಕಡೆಯಿಂದ ಫೋನ್ ಬಂತು.

ಮಂಗಳೂರಿನ ಟ್ರೈನಿಂಗ್ ಮ್ಯಾನೇಜರ್, ಮೂಲ ಕುಂಬಳೆ: ಪಟ್ಟಿ ಚಿಕ್ಕದು ಮಾಡಿ ಎನ್ನುವುದು ಸರಿ. ಆದರೆ ಪದ ಬದಲಾಯಿಸಿದರೆ ಕೆಲಸ ಆಗುವುದಿಲ್ಲ. ರೆಸ್ಯೂಮೆ ನೋಡುವಾಗ ನನಗೆ ತಿಳಿಯಬೇಕಾದದ್ದು ಇಷ್ಟೇ: ಇವರು ಯಾರಿಗೆ, ಎಷ್ಟು ಹೊತ್ತು, ಏನು ಕಲಿಸಿದರು, ಆಮೇಲೆ ಅವರಿಗೆ ಏನು ಮಾಡಲು ಬಂತು? ವಾರಕ್ಕೆ 16 ಗಂಟೆ ಎನ್ನುವುದರಲ್ಲಿ ಇದಕ್ಕೆ ಉತ್ತರ ಇಲ್ಲ. ನಿಮ್ಮ ಎಕ್ಸೆಲ್ ಕೋರ್ಸಿನಲ್ಲಿ ಇದೆ. ಅದನ್ನು ಮೇಲೆ ತನ್ನಿ. ಲೆಕ್ಕ ಇಟ್ಟಿದ್ದೀರಾ?

ಕೇಳಿದವರು: ಇದೆ ಸರ್. ಎರಡು ಗಂಟೆಯ 15 ಸೆಷನ್. 42 ಮಂದಿ. ಶುರುವಿನಲ್ಲಿ, ಕೊನೆಯಲ್ಲಿ 25 ಅಂಕದ ಒಂದೇ ಮಟ್ಟದ ಪ್ರಾಕ್ಟಿಕಲ್ ಟೆಸ್ಟ್. ಸರಾಸರಿ 9 ಇದ್ದದ್ದು 17 ಆಯಿತು. ಫೀಡ್‌ಬ್ಯಾಕ್ 5ಕ್ಕೆ 4.4.

ಟ್ರೈನಿಂಗ್ ಮ್ಯಾನೇಜರ್: ಇದು ಚಿನ್ನ. ಆದರೆ ಎರಡು ಕಡೆ ಜಾಗ್ರತೆ. ಎರಡೂ ಟೆಸ್ಟ್ ಬರೆದವರು ಎಷ್ಟು ಮಂದಿ? ಸೋತವರು ಅರ್ಧದಲ್ಲಿ ಬಿಟ್ಟು ಹೋಗಿದ್ದರೆ ಸರಾಸರಿ ತಾನಾಗಿಯೇ ಏರುತ್ತದೆ. ಹಾಗಾಗಿ ಎರಡೂ ಬರೆದವರದ್ದನ್ನು ಮಾತ್ರ ಲೆಕ್ಕ ಹಾಕಿ. 36 ಮಂದಿ ಅಂದುಕೊಳ್ಳೋಣ, 36 ಎಂದೇ ಬರೆಯಿರಿ. ಫೀಡ್‌ಬ್ಯಾಕಿಗೂ ಹಾಗೆಯೇ. 42ರಲ್ಲಿ 38 ಮಂದಿ ಕೊಟ್ಟ 4.4ಕ್ಕೆ ತೂಕ ಇದೆ, 10 ಮಂದಿ ಕೊಟ್ಟ 4.4ಕ್ಕೆ ಅಷ್ಟಿಲ್ಲ.

ಫೀಡ್‌ಬ್ಯಾಕಿನಲ್ಲಿ ಕೇಳಿದ ಪ್ರಶ್ನೆ ಯಾವುದು ಎಂದೂ ನೋಡಿ. ‘ಟೀಚರ್ ಚೆನ್ನಾಗಿ ಕಲಿಸಿದರಾ?’ ಎಂದರೆ ಮಕ್ಕಳು ಪ್ರೀತಿಯಿಂದ 5 ಕೊಡುತ್ತಾರೆ. ‘ಈಗ `VLOOKUP` ಅನ್ನು ಯಾರ ಸಹಾಯವೂ ಇಲ್ಲದೆ ಹಾಕಬಲ್ಲಿರಾ?’ ಎಂಬ ಪ್ರಶ್ನೆಯ ಉತ್ತರ ನಮಗೆ ಹೆಚ್ಚು ಬೇಕು. ಟ್ರೈನಿಂಗಿನ ಫಲ ಅಳೆಯಲು ನಮ್ಮಲ್ಲಿ ಕರ್ಕ್‌ಪ್ಯಾಟ್ರಿಕ್ ಅವರ ನಾಲ್ಕು ಹಂತ ಎಂದು ಹೇಳುತ್ತಾರೆ: ಇಷ್ಟವಾಯಿತಾ, ಕಲಿತರಾ, ಕೆಲಸದಲ್ಲಿ ಬಳಸಿದರಾ, ಸಂಸ್ಥೆಗೆ ಲಾಭ ಆಯಿತಾ. ಫೀಡ್‌ಬ್ಯಾಕ್ ಮೊದಲನೆಯದು, ನಿಮ್ಮ ಟೆಸ್ಟ್ ಎರಡನೆಯದು. ಮೂರನೆಯದಕ್ಕೆ ಈಗ ಕೆಲಸದಲ್ಲಿರುವ ನಾಲ್ಕೈದು ಹಳೆಯ ವಿದ್ಯಾರ್ಥಿಗಳಿಗೆ ಫೋನ್ ಮಾಡಿ ಕೇಳಿ. ಅಂಕಿ ಬೇಡ, ಒಂದು ಸಾಲು ಸಾಕು.

ರೆಸ್ಯೂಮೆಯಲ್ಲಿ ಇಂಗ್ಲಿಷಿನಲ್ಲೇ ಹಾಕುತ್ತೀರಲ್ವಾ, ಸಾರ ಹೀಗಿರಲಿ:

‘ಆಫೀಸ್ ಲೆಕ್ಕಕ್ಕೆ ಎಕ್ಸೆಲ್: 30 ಗಂಟೆಯ ಕೋರ್ಸನ್ನು ರೂಪಿಸಿ 42 ಮಂದಿಗೆ ನಡೆಸಿದ್ದು. ಎರಡೂ ಟೆಸ್ಟ್ ಬರೆದ 36 ಮಂದಿಯ ಸರಾಸರಿ 25ಕ್ಕೆ 9ರಿಂದ 17. ಫೀಡ್‌ಬ್ಯಾಕ್ 4.4/5, 38 ಉತ್ತರ.’

36, 38ರ ಬದಲು ನಿಮ್ಮ ನಿಜ ಸಂಖ್ಯೆಗಳನ್ನು ಹಾಕಿ, ಟೆಸ್ಟಿನ ಸರಾಸರಿಯನ್ನೂ ಮತ್ತೆ ಲೆಕ್ಕ ಮಾಡಿ.

ನೀರ್ಚಾಲಿನ ಶಾಲಾ ಶಿಕ್ಷಕಿ: ನನ್ನದೂ ಇದೇ ಕಥೆ. ಬಿ.ಎಡ್ ಇದೆ, ಮಗು ಆದ ಮೇಲೆ ನಾಲ್ಕು ವರ್ಷ ಮನೆಯಲ್ಲಿದ್ದೆ. ನೆಟ್ ಪಾಸಾಗದೆ ಟ್ರೈನರ್ ಆಗಬಹುದಾ?

ಟ್ರೈನಿಂಗ್ ಮ್ಯಾನೇಜರ್: ನೆಟ್ ಕಾಲೇಜಿಗೆ ಮೇಡಂ, ಕಂಪನಿಯವರು ಅದನ್ನು ಕೇಳುವುದಿಲ್ಲ.

ಬೆಂಗಳೂರಿನಲ್ಲಿ ಪಠ್ಯಕ್ರಮ ರೂಪಿಸುವವರು: ಟೀಚರೇ, ‘ರೂಪಿಸಿದ್ದು’ ಎಂಬ ಪದದ ಬಗ್ಗೆ ಒಂದು ಮಾತು. ಯೂನಿವರ್ಸಿಟಿ ಕೊಟ್ಟ ಸಿಲಬಸ್ಸನ್ನು ಪಾಠ ಮಾಡಿದ್ದು ಪಠ್ಯಕ್ರಮ ರಚನೆ ಅಲ್ಲ. ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ಎಕ್ಸೆಲ್ ಕೋರ್ಸಿನಲ್ಲಿ ಏನು ಬಿಡಬೇಕು, ಯಾವುದು ಮೊದಲು ಬರಬೇಕು ಎಂದು ನೀವೇ ತೀರ್ಮಾನಿಸಿದ್ದರೆ ಅದು ರಚನೆ. ಒಂದು ಸೆಷನ್‌ನ ಪ್ಲಾನ್ ಜೊತೆಗಿಡಿ. ಉದಾಹರಣೆಗೆ ಆರನೇ ಸೆಷನ್: ಅಂಗಡಿಯೊಂದರ ತಿಂಗಳ ಬಿಲ್ ಶೀಟ್ ಕೊಡುವುದು, 20 ನಿಮಿಷ ಮಾಡಿ ತೋರಿಸುವುದು, 70 ನಿಮಿಷ ಅವರೇ ಪಿವಟ್ ಟೇಬಲ್ ಮಾಡುವುದು, ಉಳಿದ ಅರ್ಧ ಗಂಟೆ ತಪ್ಪು ಹುಡುಕುವುದು. ಇದನ್ನು ನೋಡಿದರೆ ನೀವು ಸುಮ್ನೆ ಲೆಕ್ಚರ್ ಕೊಡುವವರಲ್ಲ ಎಂದು ಗೊತ್ತಾಗುತ್ತದೆ. ಕಂಪನಿಗಳಿಗೆ ಇರುವ ದೊಡ್ಡ ಅನುಮಾನವೇ ಅದು.

ಉಪ್ಪಳದಿಂದ ಒಬ್ಬರು: ಪಾಠದ ವಿಡಿಯೊ ಲಿಂಕ್ ಹಾಕಿದರೆ ಇನ್ನೂ ಒಳ್ಳೆಯದಲ್ವಾ?

ಟ್ರೈನಿಂಗ್ ಮ್ಯಾನೇಜರ್: ನಾನು ನೋಡುತ್ತೇನೆ. ಐದು ನಿಮಿಷ ಸಾಕು.

ಪಠ್ಯಕ್ರಮ ರೂಪಿಸುವವರು: ನಾನು ತೆರೆಯುವುದೇ ಇಲ್ಲ. ಹೇಗೂ ಡೆಮೊ ತೆಗೆದುಕೊಳ್ಳುತ್ತೇವೆ. ಮಕ್ಕಳ ಮುಖ ಕಾಣುವ ವಿಡಿಯೊ ಆದರೆ ಅವರ ಒಪ್ಪಿಗೆಯೂ ಬೇಕು. ಅದಕ್ಕಿಂತ ಭಾಷೆಗಳನ್ನು ಸರಿಯಾಗಿ ಬರೆಯಿರಿ. ಕಾಸರಗೋಡಿನವರು ಕನ್ನಡ, ಮಲಯಾಳ, ತುಳು, ಇಂಗ್ಲಿಷ್ ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸುತ್ತಾರೆ. ಯಾವ ಭಾಷೆಯಲ್ಲಿ ಇಡೀ ಸೆಷನ್ ನಡೆಸಬಲ್ಲಿರಿ, ಯಾವುದರಲ್ಲಿ ಸಂಶಯ ಮಾತ್ರ ಬಿಡಿಸಬಲ್ಲಿರಿ ಎಂದು ಬೇರೆ ಬೇರೆ ಹೇಳಿ. ಮಂಗಳೂರಿನಲ್ಲೂ ಕಣ್ಣೂರಿನಲ್ಲೂ ಬ್ರಾಂಚ್ ಇರುವ ಕಂಪನಿಗೆ ಅಂಥವರು ಬೇಕೇ ಬೇಕು.

ಕೇಳಿದವರು: ಎರಡೂ ಟೆಸ್ಟ್ ಬರೆದವರು 33 ಮಂದಿ ಇದ್ದಾರೆ. ಅವರ ಸರಾಸರಿ 10ರಿಂದ 17. ಏರಿಕೆ ಸ್ವಲ್ಪ ಕಮ್ಮಿ ಆಯಿತು.

ಟ್ರೈನಿಂಗ್ ಮ್ಯಾನೇಜರ್: ಅದನ್ನೇ ಹಾಕಿ ಟೀಚರೇ. ಉಳಿದವರು ಯಾಕೆ ಬರೆಯಲಿಲ್ಲ ಎಂದು ಕೇಳುತ್ತಾರೆ, ಅದಕ್ಕೂ ಉತ್ತರ ಇಟ್ಟುಕೊಳ್ಳಿ.